ಪಾಸ್‌ಬುಕ್ ಒಂದು ಬ್ಯಾಂಕಿನದು, ಹಣ ಹೋಗಿದ್ದು ಇನ್ನೊಂದಕ್ಕೆ: ಎರಡು ವರ್ಷ ಕೈಗೆ ಬಾರದ ಸ್ಕಾಲರ್‌ಶಿಪ್ಪಿನ ಪ್ರಕರಣ

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ ಅಂತ ಬರುವವರೇ ಜಾಸ್ತಿ. ಆದರೆ ದಿನಕ್ಕೆ ಇಬ್ಬರು ಮೂವರಾದರೂ "ದುಡ್ಡು ಬಂದಿಲ್ಲ" ಅಂತಲೇ ಬರುತ್ತಾರೆ. ಅವರಲ್ಲಿ ಒಂದು ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಯಾಕೆಂದರೆ ಇದರಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿದ್ದವು. ನಡುವೆ ನಾನೂ ಒಂದು ತಪ್ಪು ಮಾಡಿದೆ.

ಹುಡುಗಿ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಅವ್ವನ ಜೊತೆ ಬಂದಿದ್ದಳು. ಬಂದವಳೇ ಪಾಸ್‌ಬುಕ್ಕನ್ನು ಟೇಬಲ್ ಮೇಲಿಟ್ಟು, "ಅಣ್ಣಾ, ನನ್ನ ಗೆಳತಿಗೆ ಬಂತು, ನನಗೆ ಬಂದಿಲ್ಲ. ಹೋದ ವರ್ಷದ್ದೂ ಬಂದಿಲ್ಲ" ಎಂದಳು. ಅವ್ವನಿಗೆ ಅನುಮಾನವೇ ಇರಲಿಲ್ಲ. "ಕಾಲೇಜಿನವರು ತಿಂದಾರ, ಮತ್ತೇನು" ಎಂದರು.

ಪಾಸ್‌ಬುಕ್ ತೆರೆದು ನೋಡಿದೆ. ಪಿಯುಸಿಗೆ ಸೇರಿದಾಗ ಕಾಲೇಜಿನ ಹತ್ತಿರದ ಬ್ಯಾಂಕಿನಲ್ಲಿ ತೆಗೆದ ಖಾತೆ. ಅಪ್ಪ ಕಳಿಸಿದ ಸಾವಿರ, ಎರಡು ಸಾವಿರ, ಎಟಿಎಂನಲ್ಲಿ ತೆಗೆದದ್ದು, ಬಡ್ಡಿ ಹದಿನೆಂಟು ರೂಪಾಯಿ. ಸರ್ಕಾರದ ಹಣ ಬಂದ ಸಾಲು ಒಂದೂ ಇಲ್ಲ. ಈ ಖಾತೆಯ ನಂಬರನ್ನೇ ಕಾಲೇಜಿಗೆ ಕೊಟ್ಟಿದ್ದಳು. ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸೂ ಕೊಟ್ಟಿದ್ದಳು. ಆಧಾರ್ ಲಿಂಕ್ ಆಗಿದೆಯಾ ಎಂದು ಕೇಳಿದರೆ ಫೋನ್ ತೆಗೆದು ಬ್ಯಾಂಕಿನ ಹಳೆಯ ಎಸ್‌ಎಂಎಸ್ ತೋರಿಸಿದಳು. ನಿಮ್ಮ ಖಾತೆಗೆ ಆಧಾರ್ ಜೋಡಿಸಲಾಗಿದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

ಈ ಮೆಸೇಜೇ ಜನರನ್ನು ದಾರಿ ತಪ್ಪಿಸುವುದು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಮಗೆ ಬೇಕಾದ ಸತ್ಯ ಅದಲ್ಲ.

ಹಣ ಯಾವ ದಾರಿಯಲ್ಲಿ ಬರುತ್ತದೆ

ನಾವು ಒಬ್ಬರಿಗೆ ಹಣ ಕಳಿಸುವಾಗ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಹಾಕುತ್ತೇವೆ. ಸರ್ಕಾರದ ಸ್ಕಾಲರ್‌ಶಿಪ್ ಆಗಲಿ, ಗೃಹಲಕ್ಷ್ಮಿಯ 2,000 ರೂಪಾಯಿ ಆಗಲಿ, ಆಧಾರ್ ಮೂಲಕ ಬರುವಾಗ ಹೀಗೆ ಬರುವುದಿಲ್ಲ. ಇಲಾಖೆ ಕಳಿಸುವ ಪಟ್ಟಿಯಲ್ಲಿ ಆಧಾರ್ ನಂಬರ್ ಮತ್ತು ಮೊತ್ತವೇ ಮುಖ್ಯ. ನೀವು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ ಜೆರಾಕ್ಸಿಗೆ ಅಲ್ಲಿ ಕೆಲಸವಿಲ್ಲ.

ಆ ಪಟ್ಟಿ ಎನ್‌ಪಿಸಿಐಗೆ ಹೋಗುತ್ತದೆ. ಯುಪಿಐ ನಡೆಸುವ ಸಂಸ್ಥೆಯೇ ಇದು. ಅವರ ಹತ್ತಿರ ಮ್ಯಾಪರ್ ಅಂತ ಒಂದು ದೊಡ್ಡ ಪಟ್ಟಿ ಇದೆ. ಒಂದೊಂದು ಆಧಾರ್ ನಂಬರಿನ ಮುಂದೆ ಒಂದೇ ಒಂದು ಬ್ಯಾಂಕಿನ ಗುರುತು ಇರುತ್ತದೆ. ಗಮನಿಸಿ, ಅಲ್ಲಿರುವುದು ಬ್ಯಾಂಕಿನ ಗುರುತು ಮಾತ್ರ, ಖಾತೆ ನಂಬರ್ ಅಲ್ಲ. ಈ ಆಧಾರಿಗೆ ಈ ಬ್ಯಾಂಕ್ ಎಂದು ನೋಡಿ ಮ್ಯಾಪರ್ ಹಣವನ್ನು ಆ ಬ್ಯಾಂಕಿಗೆ ತಳ್ಳುತ್ತದೆ. ಆಮೇಲೆ ಆ ಬ್ಯಾಂಕು ತನ್ನ ಕಂಪ್ಯೂಟರಿನಲ್ಲಿ ಆ ಆಧಾರಿಗೆ ಯಾವ ಖಾತೆ ಗುರುತು ಮಾಡಿದೆ ಎಂದು ಹುಡುಕಿ ಅದಕ್ಕೆ ಜಮಾ ಮಾಡುತ್ತದೆ.

ಊರಿನವರಿಗೆ ನಾನು ಹೇಳುವುದು ಹೀಗೆ. ಪತ್ರದ ಮೇಲೆ ಊರಿನ ಹೆಸರು ಮಾತ್ರ ಇದೆ ಅಂದುಕೊಳ್ಳಿ. ಊರಿನ ತನಕ ಬಸ್ಸು ತರುತ್ತದೆ. ಯಾರ ಮನೆ ಎಂದು ಗೊತ್ತಿರುವುದು ಆ ಊರಿನ ಪೋಸ್ಟ್‌ಮ್ಯಾನ್‌ಗೆ. ಊರೇ ತಪ್ಪಾಗಿದ್ದರೆ ನಿಮ್ಮೂರಿನ ಪೋಸ್ಟ್‌ಮ್ಯಾನ್ ಏನು ಮಾಡಲು ಸಾಧ್ಯ?

ಹುಡುಗಿ ತೋರಿಸಿದ ಎಸ್‌ಎಂಎಸ್ ಇಲ್ಲಿಯೇ ಅಡ್ಡ ಬರುತ್ತದೆ. ಕಾಲೇಜಿನ ಹತ್ತಿರದ ಬ್ಯಾಂಕು ಅವಳ ಆಧಾರನ್ನು ಕೆವೈಸಿಗೆ ಅಂತ ತನ್ನ ಕಂಪ್ಯೂಟರಿನಲ್ಲಿ ಸೇರಿಸಿತ್ತು. ಅದೂ ಲಿಂಕೇ. ಆದರೆ ಮ್ಯಾಪರಿನಲ್ಲಿ ಅವಳ ಆಧಾರಿನ ಮುಂದೆ ತನ್ನ ಹೆಸರು ಬರೆಸಿರಲಿಲ್ಲ. ಅದು ಬೇರೆಯ ಕೆಲಸ, ಅದಕ್ಕೆ ಖಾತೆದಾರರ ಬೇರೆ ಒಪ್ಪಿಗೆ ಬೇಕು. ಅದನ್ನೇ ಸೀಡಿಂಗ್ ಎನ್ನುವುದು. ನಮ್ಮ ಕಡೆ ಎಲ್ಲರೂ "ಎನ್‌ಪಿಸಿಐ ಮಾಡಿಸುವುದು" ಎನ್ನುತ್ತಾರೆ. ಒಬ್ಬರ ಆಧಾರ್ ನಾಲ್ಕು ಬ್ಯಾಂಕುಗಳಲ್ಲಿ ಲಿಂಕ್ ಆಗಿರಬಹುದು. ಸೀಡಿಂಗ್ ಮಾತ್ರ ಒಂದೇ ಬ್ಯಾಂಕಿನಲ್ಲಿ.

ನೋಡುವುದಕ್ಕೇ ಹತ್ತು ದಿನ

ಯಾವ ಬ್ಯಾಂಕಿನ ಹೆಸರು ಇದೆ ಎಂದು ನೋಡುವುದು ಸುಲಭ. `myaadhaar.uidai.gov.in` ತೆರೆದು ಆಧಾರ್ ನಂಬರ್ ಹಾಕಬೇಕು. ಮೊಬೈಲಿಗೆ ಒಟಿಪಿ ಬರುತ್ತದೆ. ಒಳಗೆ ಹೋಗಿ `Bank Seeding Status` ಒತ್ತಿದರೆ ಬ್ಯಾಂಕಿನ ಹೆಸರು, ಸ್ಥಿತಿ `Active` ಇದೆಯೋ `Inactive` ಇದೆಯೋ ಎಂಬುದು, ಕೊನೆಯ ಸಲ ಬದಲಾದ ದಿನಾಂಕ ಕಾಣುತ್ತವೆ. ಎರಡು ನಿಮಿಷದ ಕೆಲಸ. ದುಡ್ಡು ಬಂದಿಲ್ಲ ಎನ್ನುವವರು ಎಲ್ಲಿಗೂ ಓಡುವ ಮೊದಲು ನೋಡಬೇಕಾದ ಪುಟ ಇದೊಂದೇ.

ಆದರೆ ನಮ್ಮ ಹುಡುಗಿಗೆ ಒಟಿಪಿ ಬರಲಿಲ್ಲ. ಅವಳ ಆಧಾರಿಗೆ ಇದ್ದದ್ದು ಅಪ್ಪನ ಹಳೆಯ ನಂಬರು. ಅವಳು ಎಂಟನೇ ತರಗತಿಯಲ್ಲಿದ್ದಾಗ ಕೊಟ್ಟದ್ದು. ಆ ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟು ಮೂರು ವರ್ಷ ಆಗಿತ್ತು. ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕೆ ಡಿಬಿಟಿ ಎನ್ನುತ್ತಾರೆ. ಅದಕ್ಕೆಂದೇ ಇರುವ ಡಿಬಿಟಿ ಕರ್ನಾಟಕ ಆ್ಯಪಿನಲ್ಲೂ ನೋಡಬಹುದಿತ್ತು. ಆದರೆ ಅದಕ್ಕೂ ಆಧಾರಿನ ಒಟಿಪಿಯೇ ಬೇಕು.

ಇಲ್ಲಿ ನಾನು ತಪ್ಪು ಮಾಡಿದೆ. ಆವತ್ತು ಕೇಂದ್ರದಲ್ಲಿ ರೇಷನ್ ಕಾರ್ಡ್ ತಿದ್ದುಪಡಿಯ ಗದ್ದಲ. ಹೊರಗೆ ಹದಿನೈದು ಜನ ನಿಂತಿದ್ದರು. ಸ್ಥಿತಿಯನ್ನು ನೋಡದೆಯೇ, "ಎನ್‌ಪಿಸಿಐ ಆಗಿಲ್ಲ ಅನ್ಸುತ್ತೆ, ಬ್ಯಾಂಕಿಗೆ ಹೋಗಿ ಮಾಡಿಸ್ಕೋ" ಎಂದು ಹೇಳಿ ಕಳಿಸಿಬಿಟ್ಟೆ. ಅವಳು ಹೋದಳು. ಕೌಂಟರಿನಲ್ಲಿ "ಆಧಾರ್ ಲಿಂಕ್ ಮಾಡಬೇಕು ಸರ್" ಎಂದಳು. ಅವರು ಕಂಪ್ಯೂಟರ್ ನೋಡಿ, "ಆಗಿದೆಯಲ್ಲಮ್ಮಾ" ಎಂದರು. ಅವಳು ಒತ್ತಾಯ ಮಾಡಿದ್ದಕ್ಕೆ ಆಧಾರ್ ಜೆರಾಕ್ಸ್ ತೆಗೆದುಕೊಂಡು ಇನ್ನೊಮ್ಮೆ ಅದನ್ನೇ ಮಾಡಿದರು. ಮತ್ತೊಂದು ಎಸ್‌ಎಂಎಸ್ ಬಂತು. ಮೊದಲಿನದೇ ವಾಕ್ಯ.

ಕೌಂಟರಿನಲ್ಲಿ ಇದ್ದವರನ್ನು ದೂರುವಂತಿಲ್ಲ. ಅವಳು ಕೇಳಿದ್ದನ್ನೇ ಅವರು ಮಾಡಿಕೊಟ್ಟರು. ಏನು ಕೇಳಬೇಕು ಎಂದು ನಾನು ಸರಿಯಾಗಿ ಹೇಳಿ ಕಳಿಸಿರಲಿಲ್ಲ, ಅಷ್ಟೇ.

ಎರಡನೇ ಸಲ ಬಂದಾಗ ಸರಿಯಾದ ದಾರಿಗೆ ಬಂದೆವು. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅವಳದೇ ಮೊಬೈಲ್ ನಂಬರ್ ಸೇರಿಸಲು ಹೇಳಿದೆ. ಇದಕ್ಕೆ ಬೆರಳಚ್ಚು ಕೊಡಬೇಕು, 75 ರೂಪಾಯಿ ಶುಲ್ಕ. 2025ರ ಅಕ್ಟೋಬರಿಗೆ ಮುಂಚೆ 50 ಇತ್ತು. ನಂಬರ್ ಸೇರಿಕೊಂಡು ಒಟಿಪಿ ಬರುವಷ್ಟರಲ್ಲಿ ಹತ್ತು ದಿನ ಕಳೆಯಿತು. ಆಮೇಲೆ ನನ್ನ ಟೇಬಲ್ಲಿನ ಮುಂದೆಯೇ ಪುಟ ತೆರೆದೆವು.

`Active` ಎಂದಿತ್ತು. ಆದರೆ ಬ್ಯಾಂಕಿನ ಹೆಸರು ಬೇರೆ.

ಹುಡುಗಿ ಅವ್ವನ ಮುಖ ನೋಡಿದಳು. ಅವ್ವ ಒಂದು ಗಳಿಗೆ ಯೋಚನೆ ಮಾಡಿ, "ಅಯ್ಯ, ಅದು ನೀನು ಸಾಲಿಗೆ ಹೋಗುವಾಗ ತೆಗೆಸಿದ್ದು" ಎಂದರು. ಎಂಟನೇ ತರಗತಿಯಲ್ಲಿ ಸ್ಕಾಲರ್‌ಶಿಪ್ಪಿಗೆ ಖಾತೆ ಬೇಕು ಎಂದು ಶಾಲೆಯವರು ಹೇಳಿದ್ದರು. ಆಗ ಹೋಬಳಿಯ ಬ್ಯಾಂಕಿನಲ್ಲಿ, ಅವ್ವನನ್ನು ಗಾರ್ಡಿಯನ್ ಮಾಡಿ ತೆಗೆಸಿದ ಖಾತೆ. ಕೊನೆಯ ಸಲ ಬದಲಾದ ದಿನಾಂಕವೂ ಆ ಕಾಲದ್ದೇ. ಅಂದರೆ ಇಷ್ಟು ವರ್ಷ ಮ್ಯಾಪರಿನಲ್ಲಿ ಅವಳ ಆಧಾರಿನ ಮುಂದೆ ಇದ್ದದ್ದು ಆ ಹಳೆಯ ಬ್ಯಾಂಕು. ಪಿಯುಸಿಗೆ ತೆಗೆದ ಖಾತೆ ಅಲ್ಲಿ ಬಂದೇ ಇರಲಿಲ್ಲ.

ಎರಡು ವರ್ಷ, ಎರಡು ಬೇರೆ ತೊಂದರೆ

ಇಲ್ಲಿಗೆ ಕಥೆ ಮುಗಿಯಬೇಕಿತ್ತು ಅಲ್ವಾ? ಹಣ ಹಳೆಯ ಬ್ಯಾಂಕಿಗೆ ಹೋಗಿದೆ, ಅಲ್ಲಿ ಹೋಗಿ ತೆಗೆದುಕೊಳ್ಳಿ. ಆದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ಲಿನಲ್ಲಿ ಅವಳ ಅರ್ಜಿಯ ಸ್ಥಿತಿ ತೆರೆದಾಗ ಎರಡು ವರ್ಷದ್ದು ಎರಡು ರೀತಿ ಇತ್ತು. ಮೊದಲ ವರ್ಷದ ಹಣ ಜಮಾ ಆಗಿದೆ ಎಂದಿತ್ತು. ಈ ವರ್ಷದ ಪಾವತಿ ವಿಫಲ ಎಂದಿತ್ತು. ಆಧಾರ್ ಅದೇ, ಬ್ಯಾಂಕ್ ಅದೇ. ಮತ್ತೆ ಒಂದು ಹೋಗಿ ಇನ್ನೊಂದು ಯಾಕೆ ಹೋಗಲಿಲ್ಲ?

ಹಳೆಯ ಪಾಸ್‌ಬುಕ್ ಮನೆಯ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿತು. ಕೊನೆಯ ಎಂಟ್ರಿ ಅವಳು ಹತ್ತನೇ ತರಗತಿಯಲ್ಲಿದ್ದಾಗಿನದು. ಅವ್ವ, ಮಗಳು ಇಬ್ಬರೂ ಹೋಬಳಿಯ ಬ್ಯಾಂಕಿಗೆ ಹೋಗಿ ಎಂಟ್ರಿ ಮಾಡಿಸಿದರು. ಎರಡು ಪುಟ ತುಂಬಿತು. ಮೂರು ತಿಂಗಳಿಗೊಮ್ಮೆ ಬಡ್ಡಿಯ ಚಿಲ್ಲರೆ, ಅದರ ನಡುವೆ ಒಂದು ಸಾಲು: ಎಪಿಬಿಎಸ್ ಎಂಬ ಗುರುತು, ಮುಂದೆ ಆರು ಸಾವಿರ ಚಿಲ್ಲರೆ. ಹೋದ ವರ್ಷದ ಸ್ಕಾಲರ್‌ಶಿಪ್. ಹದಿನಾಲ್ಕು ತಿಂಗಳಿಂದ ಅಲ್ಲೇ ಕೂತಿತ್ತು.

ಎಪಿಬಿಎಸ್ ಎಂದರೆ ಆಧಾರ್ ಮೂಲಕ ಹಣ ಹಂಚುವ ಈ ವ್ಯವಸ್ಥೆಯ ಹೆಸರು. ಪಾಸ್‌ಬುಕ್ಕಿನಲ್ಲಿ ಸರ್ಕಾರದ ಹಣ ಹುಡುಕುವಾಗ ಸ್ಕಾಲರ್‌ಶಿಪ್ ಎಂಬ ಪದ ಕಾಣಿಸುತ್ತದೆ ಎಂದು ಕಾಯಬೇಡಿ. ಬಹಳ ಕಡೆ ಎಪಿಬಿಎಸ್, ಡಿಬಿಟಿ, ಎಸಿಎಚ್ ಇಂಥ ಅಕ್ಷರಗಳೇ ಇರುತ್ತವೆ. ಎಷ್ಟೋ ಜನ ಹಣ ಬಂದಿದ್ದರೂ ಆ ಸಾಲನ್ನು ದಾಟಿಕೊಂಡು ಹೋಗಿರುತ್ತಾರೆ.

ಅವ್ವ ಹಣ ತೆಗೆಯಲು ಸ್ಲಿಪ್ ಬರೆಸಿದರು. ಆಗಲಿಲ್ಲ. ಖಾತೆ ತಡೆಹಿಡಿಯಲಾಗಿದೆ ಎಂದರು. ಈ ವರ್ಷದ ಹಣ ಯಾಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಅದೇ.

ಗಾರ್ಡಿಯನ್ ಇಟ್ಟು ತೆಗೆದ ಖಾತೆಗೆ ಮಗುವಿಗೆ 18 ತುಂಬಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಮಗು ಈಗ ದೊಡ್ಡವಳು, ಇನ್ನು ಮೇಲೆ ಅವಳೇ ಸಹಿ ಮಾಡುತ್ತಾಳೆ ಎಂದು ಹೊಸ ಸಹಿ, ಹೊಸ ಫೋಟೋ, ಅವಳದೇ ಕೆವೈಸಿ ಕೊಡಬೇಕು. ಇವಳಿಗೆ 18 ತುಂಬಿದ್ದು ಬಿ.ಕಾಂ. ಮೊದಲ ವರ್ಷದಲ್ಲಿ. ಬ್ಯಾಂಕು ಕಾಗದ ಕಳಿಸಿತ್ತೋ ಏನೋ, ಇವರಿಗೆ ಗೊತ್ತಿಲ್ಲ. ಮೆಸೇಜ್ ಬಂದಿದ್ದರೆ ಅದೂ ಅಪ್ಪನ ಸತ್ತ ಸಿಮ್ಮಿಗೇ. ಹಳೆಯ ಕೆವೈಸಿಯ ಅವಧಿಯೂ ಮುಗಿದಿತ್ತು. ಕೊನೆಗೆ ಖಾತೆಯಿಂದ ಹಣ ತೆಗೆಯುವುದು, ಖಾತೆಗೆ ಹಣ ಬರುವುದು ಎರಡನ್ನೂ ನಿಲ್ಲಿಸಿದ್ದರು. ಹೋದ ವರ್ಷದ ಹಣ ಬಂದಾಗ ಬಾಗಿಲು ತೆರೆದಿತ್ತು. ಈ ವರ್ಷದ ಹಣ ಬರುವಷ್ಟರಲ್ಲಿ ಮುಚ್ಚಿತ್ತು. ಮ್ಯಾಪರ್ ಹಣವನ್ನು ಬ್ಯಾಂಕಿನ ತನಕ ತಂದಿತು, ಬ್ಯಾಂಕು ಖಾತೆಯೊಳಗೆ ಹಾಕಲಾಗದೆ ವಾಪಸ್ ಕಳಿಸಿತು.

ಆದ್ದರಿಂದ `Active` ಎಂದು ಕಂಡರೆ ಎಲ್ಲ ಸರಿ ಇದೆ ಎಂದುಕೊಳ್ಳಬಾರದು. ಆ ಪುಟ ಹೇಳುವುದು ಮ್ಯಾಪರಿನ ಸ್ಥಿತಿಯನ್ನು. ಬ್ಯಾಂಕಿನ ಒಳಗಿನ ಖಾತೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಅದನ್ನು ತಿಳಿಯಲು ನಾನು ಹೇಳುವ ಸುಲಭದ ಪರೀಕ್ಷೆ ಒಂದಿದೆ. ಯಾರಿಂದಲಾದರೂ ಆ ಖಾತೆಗೆ ಹತ್ತು ರೂಪಾಯಿ ಹಾಕಿಸಿ, ಆಮೇಲೆ ತೆಗೆದು ನೋಡಿ. ಹಾಕಲೂ ಆಗಬೇಕು, ತೆಗೆಯಲೂ ಆಗಬೇಕು.

ಎರಡು ವರ್ಷಕ್ಕಿಂತ ಜಾಸ್ತಿ ಮುಟ್ಟದ ಖಾತೆಗಳ ಬಗ್ಗೆಯೂ ಒಂದು ಮಾತು. ಅಂಥ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಎಂದು ಗುರುತಿಸುತ್ತದೆ. ಸರ್ಕಾರಿ ಯೋಜನೆಗೆ ಅಥವಾ ಸ್ಕಾಲರ್‌ಶಿಪ್ಪಿಗೆ ತೆಗೆದ ಝೀರೋ ಬ್ಯಾಲೆನ್ಸ್ ಖಾತೆಗಳನ್ನು ಬೇರೆ ಗುರುತಿಸಿ ಇಡಬೇಕು, ಬಳಸಿಲ್ಲ ಎಂಬ ಕಾರಣಕ್ಕೆ ನಿಷ್ಕ್ರಿಯ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಷ್ಕ್ರಿಯ ಖಾತೆಯನ್ನು ಮತ್ತೆ ಚಾಲೂ ಮಾಡಲು ದುಡ್ಡು ಕೇಳುವಂತೆಯೂ ಇಲ್ಲ. ಕೌಂಟರಿನಲ್ಲಿ ನೂರಿನ್ನೂರು ಕೊಡಿ ಎಂದರೆ ಮ್ಯಾನೇಜರ್ ಹತ್ತಿರ ಮಾತಾಡಿ. ಆದರೆ ಇವಳ ಖಾತೆಯ ತೊಂದರೆ ಕೆವೈಸಿಯದ್ದು. ಕೆವೈಸಿ ಕೊಡದೆ ಅದು ಬಿಡುಗಡೆ ಆಗುತ್ತಿರಲಿಲ್ಲ.

ಯಾವುದನ್ನು ಮೊದಲು ಮಾಡಬೇಕು

ಅವ್ವನಿಗೆ ಸಿಟ್ಟು ಬಂದಿತ್ತು. "ಆ ಹಳೆ ಖಾತೆ ಮುಚ್ಚಿಬಿಡಣ, ಹೊಸದು ತೆಗೆಯೋಣ" ಎಂದರು. ಬೇಡ ಎಂದೆ. ಸೀಡಿಂಗ್ ಇರುವ ಖಾತೆಯನ್ನು ಸುಮ್ನೆ ಮುಚ್ಚಿದರೆ ಅವಳ ಆಧಾರಿನ ಮುಂದೆ ಯಾವ ಬ್ಯಾಂಕೂ ಇಲ್ಲದಂತೆ ಆಗಬಹುದು. ಆ ನಡುವೆ ಇಲಾಖೆ ಹಣ ಕಳಿಸಿದರೆ ಅದು ಮತ್ತೆ ವಾಪಸ್. ಮೊದಲು ಹೊಸ ಮನೆ ಸಿದ್ಧವಾಗಲಿ, ಆಮೇಲೆ ಹಳೆಯದಕ್ಕೆ ಬೀಗ.

ಗಾಬರಿಯಲ್ಲಿ ಹೊಸ ಖಾತೆ ತೆಗೆಯುವುದೂ ಅಪಾಯ. ಮೊಬೈಲ್ ಅಂಗಡಿಯಲ್ಲಿ, ಕ್ಯಾಂಪಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಐದು ನಿಮಿಷದಲ್ಲಿ ಖಾತೆ ತೆಗೆದುಕೊಡುತ್ತಾರೆ. ಅದರಲ್ಲಿ ಸರ್ಕಾರದ ಹಣ ಈ ಖಾತೆಗೆ ಬರಲಿ ಎಂಬ ಒಪ್ಪಿಗೆಯೂ ಸೇರಿರಬಹುದು. ಒತ್ತಿದವರಿಗೆ ಗೊತ್ತೇ ಇರುವುದಿಲ್ಲ. 2017ರಲ್ಲಿ ದೇಶದಲ್ಲಿ ಇದೇ ದೊಡ್ಡ ಗಲಾಟೆ ಆಗಿತ್ತು. ಸಿಮ್‌ಗೆ ಆಧಾರ್ ದೃಢೀಕರಣ ಮಾಡಿಸಲು ಹೋದವರ ಹೆಸರಿನಲ್ಲಿ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಹಣವೆಲ್ಲ ಅವರಿಗೇ ಗೊತ್ತಿಲ್ಲದೆ ಅಲ್ಲಿಗೆ ಹೋಗಿತ್ತು. ಮ್ಯಾಪರಿನಲ್ಲಿ ಕೊನೆಗೆ ಬರೆಸಿದವರ ಹೆಸರೇ ಉಳಿಯುತ್ತದೆ, ಹಳೆಯದು ಅಳಿಸಿಹೋಗುತ್ತದೆ. ಸೀಡಿಂಗ್ ಪುಟದಲ್ಲಿ ಎಂದೂ ಕೇಳದ ಬ್ಯಾಂಕಿನ ಹೆಸರು ಕಂಡರೆ ಹೊಸ ಸಿಮ್ ಅಥವಾ ಹೊಸ ಖಾತೆ ಎಂದು ಯಾವಾಗ ಹೆಬ್ಬೆಟ್ಟು ಒತ್ತಿದಿರಿ ಎಂದು ನೆನಪಿಸಿಕೊಳ್ಳಿ.

ನಾವು ಮಾಡಿದ್ದು ಹೀಗೆ. ಮೊದಲು ಹಳೆಯ ಬ್ಯಾಂಕಿನಲ್ಲಿ ಅವಳ ಆಧಾರ್, ಪಾನ್, ಎರಡು ಫೋಟೋ ಕೊಟ್ಟು ಕೆವೈಸಿ ಹೊಸದು ಮಾಡಿಸಿದಳು, ಮೂರು ಕಡೆ ಸಹಿ ಹಾಕಿದಳು. ಖಾತೆ ಅವಳ ಸ್ವಂತದ್ದಾಯಿತು. ನಾಲ್ಕನೇ ದಿನ ತಡೆ ತೆರವಾಯಿತು. ಹೋದ ವರ್ಷದ ಆರು ಸಾವಿರ ಕೈಗೆ ಬಂತು. ಅವಳು ಕಾಲೇಜಿನಲ್ಲಿ ಇರುವುದರಿಂದ ಒಂದು ದಿನ ತರಗತಿ ತಪ್ಪಿತು, ಅಷ್ಟೇ. ಕೆವೈಸಿ ಹೊಸದು ಮಾಡಿಸಲು ಖಾತೆ ಇರುವ ಶಾಖೆಗೇ ಹೋಗಬೇಕೆಂದಿಲ್ಲ, ಅದೇ ಬ್ಯಾಂಕಿನ ಬೇರೆ ಶಾಖೆಯಲ್ಲೂ ಮಾಡಬೇಕು ಎಂದು ನಿಯಮ ಇದೆ. ಮೈನರ್ ಖಾತೆಯ ಸಹಿ ಬದಲಿಸುವುದು ಇದ್ದದ್ದರಿಂದ ನಾನು ಹಳೆಯ ಶಾಖೆಗೇ ಹೋಗಲು ಹೇಳಿದೆ.

ಇಲ್ಲಿಗೇ ಬಿಟ್ಟಿದ್ದರೂ ನಡೆಯುತ್ತಿತ್ತು. ಹಳೆಯ ಖಾತೆ ಈಗ ಚೆನ್ನಾಗಿದೆ, ಸೀಡಿಂಗ್ ಅಲ್ಲೇ ಇದೆ, ಮುಂದಿನ ಹಣ ಅಲ್ಲಿಗೇ ಬರುತ್ತದೆ. ನಾನು ಆ ಮಾತು ಹೇಳಿದೆ. ಆದರೆ ಅವಳು ಇರುವುದು ಜಿಲ್ಲಾ ಕೇಂದ್ರದ ಹಾಸ್ಟೆಲಿನಲ್ಲಿ. ಹಳೆಯ ಖಾತೆಗೆ ಎಟಿಎಂ ಕಾರ್ಡ್ ಇಲ್ಲ. ಕಾಲೇಜಿನ ಹತ್ತಿರದ ಖಾತೆಗೇ ಬರಲಿ ಎಂದಳು. ಸರಿ ಎಂದೆ.

ಈ ಸಲ ಅವಳ ಕೈಯಲ್ಲಿ ಒಂದು ಚೀಟಿ ಕೊಟ್ಟೆ. ಆಧಾರ್ ಲಿಂಕ್ ಎಂಬ ಪದವನ್ನೇ ಹೇಳಬೇಡ ಎಂದೆ. ಚೀಟಿಯಲ್ಲಿ ಬರೆದದ್ದು ಇಷ್ಟು: "ಡಿಬಿಟಿ ಹಣ ಪಡೆಯಲು ಎನ್‌ಪಿಸಿಐ ಮ್ಯಾಪರಿನಲ್ಲಿ ನನ್ನ ಆಧಾರ್ ಸೀಡಿಂಗನ್ನು ಈ ಹಳೆಯ ಬ್ಯಾಂಕಿನಿಂದ ನಿಮ್ಮ ಬ್ಯಾಂಕಿಗೆ ಬದಲಿಸಬೇಕು. ಒಪ್ಪಿಗೆ ಅರ್ಜಿ ಕೊಡಿ." ಬ್ಯಾಂಕಿನಲ್ಲಿ ಇದಕ್ಕೆಂದೇ ಒಂದು ಪುಟದ ಅರ್ಜಿ ಇರುತ್ತದೆ. ಅದರಲ್ಲಿ ಮುಖ್ಯವಾದದ್ದು ಎರಡು. ಒಂದು, ಮೊದಲ ಸಲ ಸೀಡಿಂಗೋ ಬೇರೆ ಬ್ಯಾಂಕಿನಿಂದ ಬದಲಾವಣೆಯೋ ಎಂದು ಗುರುತು ಹಾಕುವ ಜಾಗ. ಎರಡು, ಈಗ ಇರುವ ಬ್ಯಾಂಕಿನ ಹೆಸರು ಬರೆಯುವ ಜಾಗ. ಹಳೆಯ ಬ್ಯಾಂಕಿನ ಹೆಸರು ಬಿಟ್ಟರೆ ಅಥವಾ ತಪ್ಪು ಬರೆದರೆ ಬದಲಾವಣೆ ಅಲ್ಲೇ ನಿಲ್ಲಬಹುದು. ಅದಕ್ಕೇ ನಾವು ಸೀಡಿಂಗ್ ಪುಟದ ಪ್ರಿಂಟ್ ತೆಗೆದು ಅರ್ಜಿಗೆ ಪಿನ್ ಮಾಡಿದ್ದು. ಅರ್ಜಿಯ ಕೆಳಗಿನ ಸ್ವೀಕೃತಿ ಚೂರನ್ನು ಹರಿದು, ಸೀಲ್ ಹಾಕಿಸಿಕೊಂಡು ಬಾ ಎಂದೂ ಹೇಳಿದ್ದೆ. ತಂದಳು.

ಬ್ಯಾಂಕಿಗೆ ಹೋಗದೆ ಮಾಡುವ ದಾರಿಯೂ ಇದೆ. ಎನ್‌ಪಿಸಿಐ ವೆಬ್‌ಸೈಟಿನಲ್ಲಿ `Bharat Aadhaar Seeding Enabler` ಎಂಬ ಭಾಗ ಇದೆ. ಅಲ್ಲಿ ಆಧಾರ್ ನಂಬರ್, ಬ್ಯಾಂಕು, ಖಾತೆ ನಂಬರ್ ಹಾಕಿ ಒಟಿಪಿ ಕೊಟ್ಟರೆ ಕೋರಿಕೆ ಬ್ಯಾಂಕಿಗೆ ಹೋಗುತ್ತದೆ. ಆದರೆ ಅದರ ಪಟ್ಟಿಯಲ್ಲಿ ನಿಮ್ಮ ಬ್ಯಾಂಕ್ ಇರಬೇಕು. ಇವಳ ಬ್ಯಾಂಕು ಇರಲಿಲ್ಲ. ಹೆಸರಿನ ವ್ಯತ್ಯಾಸ ಇದ್ದವರಿಗೂ ಈ ದಾರಿಯಲ್ಲಿ ಕಷ್ಟ. ಆಧಾರಿನಲ್ಲಿ ಅಪ್ಪನ ಹೆಸರು ಸೇರಿಸಿ ಬರೆದಿದ್ದು, ಖಾತೆಯಲ್ಲಿ ಬರೀ ಇನಿಷಿಯಲ್ ಇದ್ದರೆ ಬ್ಯಾಂಕಿಗೇ ಹೋಗುವುದು ವಾಸಿ.

ಅರ್ಜಿ ಕೊಟ್ಟ ಮಾರನೇ ದಿನ ಪುಟ ನೋಡಿದೆವು, ಹಳೆಯ ಬ್ಯಾಂಕೇ ಇತ್ತು. ಮೂರನೇ ದಿನವೂ ಅದೇ. ಐದನೇ ದಿನ ಕಾಲೇಜಿನ ಹತ್ತಿರದ ಬ್ಯಾಂಕಿನ ಹೆಸರು ಬಂತು, ಪಕ್ಕದಲ್ಲಿ ಹೊಸ ದಿನಾಂಕ. ಅವಳು ಹಾಸ್ಟೆಲಿನಿಂದ ಸ್ಕ್ರೀನ್‌ಶಾಟ್ ಕಳಿಸಿದಳು. ನನಗೆ ಇಲ್ಲಿ ಎಸ್‌ಎಂಎಸ್ ಮೇಲೆ ನಂಬಿಕೆ ಇಲ್ಲ, ಈ ಪುಟದ ಮೇಲೆ ಮಾತ್ರ.

ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇರುವವರಿಗೆ ಈ ಪುಟವೂ ಸಾಲದು. ನಮ್ಮೂರಿನ ಒಬ್ಬ ಅಕ್ಕನಿಗೆ ಒಂದೇ ಶಾಖೆಯಲ್ಲಿ ಒಂದು ಉಳಿತಾಯ ಖಾತೆ, ಒಂದು ಜನಧನ ಖಾತೆ ಇದ್ದವು. ಪುಟದಲ್ಲಿ ಬ್ಯಾಂಕಿನ ಹೆಸರು ಸರಿಯಾಗಿಯೇ ಕಾಣುತ್ತಿತ್ತು. ಹಣ ಮಾತ್ರ ಅವರು ಪಾಸ್‌ಬುಕ್ ಕಳೆದುಕೊಂಡಿದ್ದ ಜನಧನ ಖಾತೆಗೆ ಬೀಳುತ್ತಿತ್ತು. ಮ್ಯಾಪರಿಗೆ ಖಾತೆ ನಂಬರ್ ಗೊತ್ತಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಅದರ ಫಲ ಇದು. ಇಂಥವರು ಶಾಖೆಯಲ್ಲಿ ಆಧಾರ್ ಗುರುತನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬದಲಿಸಿ ಎಂದು ಕೇಳಬೇಕು. ಅದೇ ಅರ್ಜಿಯಲ್ಲಿ ಅದಕ್ಕೂ ಜಾಗ ಇದೆ.

ವಾಪಸ್ ಹೋದ ಹಣ

ಸೀಡಿಂಗ್ ಸರಿಯಾದ ಮೇಲೆ ಈ ವರ್ಷದ ಹಣ ತಾನಾಗಿ ಬರುತ್ತದೆ ಎಂದು ಹುಡುಗಿ ಕಾದಳು. ನಾನು ಕಾಯಬೇಡ ಎಂದೆ. ವಾಪಸ್ ಹೋದ ಹಣ ಮ್ಯಾಪರಿನ ಬಾಗಿಲಲ್ಲಿ ಕಾಯುತ್ತಾ ನಿಂತಿರುವುದಿಲ್ಲ. ಅದು ಕಳಿಸಿದವರ ಕಡೆಗೇ ಹೋಗಿರುತ್ತದೆ. ಇಲಾಖೆ ಅದನ್ನು ಇನ್ನೊಮ್ಮೆ ಕಳಿಸಬೇಕು. ಅದಕ್ಕೆ ಮೊದಲು ಸೀಡಿಂಗ್ ಸರಿಯಾಗಿದೆ ಎಂದು ಅವರಿಗೆ ಗೊತ್ತಾಗಬೇಕು.

ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲಿ ಒಂದು ಅರ್ಜಿ, ಅದರ ಪ್ರತಿಯನ್ನು ತಾಲೂಕಿನ ಇಲಾಖೆ ಕಚೇರಿಯಲ್ಲಿ ಕೊಡಿಸಿದೆ. ಅರ್ಜಿಯಲ್ಲಿ ದೊಡ್ಡ ಕಥೆ ಬರೆಯಲಿಲ್ಲ. ಪೋರ್ಟಲ್ಲಿನ ವಿದ್ಯಾರ್ಥಿ ಐಡಿ, ಯಾವ ವರ್ಷದ ಪಾವತಿ ವಿಫಲವಾಗಿದೆ, ಕಾರಣ ಖಾತೆ ತಡೆ, ಈಗ ಸೀಡಿಂಗ್ ಬದಲಾದ ದಿನಾಂಕ ಇಂಥದು, ಪಾವತಿಯನ್ನು ಮತ್ತೆ ಮಾಡಿ. ಇಷ್ಟೇ. ಜೊತೆಗೆ ವಿಫಲ ಎಂದು ತೋರಿಸುವ ಪುಟದ ಪ್ರಿಂಟ್, ಹೊಸ ಸೀಡಿಂಗ್ ಪುಟದ ಪ್ರಿಂಟ್. ಪಾಸ್‌ಬುಕ್ ಜೆರಾಕ್ಸ್ ಕೂಡ ಕೇಳಿದರು, ಕೊಟ್ಟೆವು. ಅದರಿಂದ ಹಣ ಎಲ್ಲಿಗೆ ಹೋಗಬೇಕು ಎಂಬುದು ಬದಲಾಗುವುದಿಲ್ಲ, ಆದರೆ ಕಡತಕ್ಕೆ ಬೇಕು.

ಕಾಲೇಜಿನ ಗುಮಾಸ್ತರು ಅವ್ವನನ್ನು ನೋಡಿ ನಕ್ಕರಂತೆ. ಅವ್ವ ಹಿಂದೊಮ್ಮೆ ಅಲ್ಲಿಗೆ ಹೋಗಿ ಜೋರು ಮಾಡಿ ಬಂದಿದ್ದರು. "ಹೋದ ವರ್ಷದ್ದು ಸಿಕ್ಕಿತೇನಮ್ಮಾ?" ಎಂದು ಅವರು ಕೇಳಿದ್ದಕ್ಕೆ ಅವ್ವ, "ಸಿಕ್ಕಿತ್ರೀ" ಎಂದು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರಂತೆ. ಹುಡುಗಿಯೇ ಹೇಳಿ ನಗುತ್ತಿದ್ದಳು.

ಎರಡು ತಿಂಗಳಾಗಲು ನಾಲ್ಕು ದಿನ ಇರುವಾಗ ಹಣ ಬಂತು. ಈ ಸಲ ಕಾಲೇಜಿನ ಹತ್ತಿರದ ಖಾತೆಗೇ. ಹಳೆಯ ಖಾತೆಯನ್ನು ಅವಳು ಇನ್ನೂ ಮುಚ್ಚಿಲ್ಲ. ಅದರಲ್ಲಿ ಐನೂರು ರೂಪಾಯಿ ಬಿಟ್ಟಿದ್ದಾಳೆ.

ಮೊನ್ನೆ ಅವ್ವ ಒಬ್ಬರೇ ಬಂದಿದ್ದರು. ಗೃಹಲಕ್ಷ್ಮಿ ಹಣ ಸರಿಯಾಗಿ ಬರುತ್ತಿದೆ, ಆದರೂ ನಂದೂ ಒಮ್ಮೆ ನೋಡು ಎಂದರು. ಒಟಿಪಿ ಅವರದೇ ಫೋನಿಗೆ ಬಂತು. ಬ್ಯಾಂಕಿನ ಹೆಸರನ್ನು ನಾನು ಓದುವ ಮೊದಲೇ ಅವರು ಪಾಸ್‌ಬುಕ್ಕಿನ ಹೊದಿಕೆಯ ಮೇಲಿನ ಗುರುತಿಗೆ ಹೋಲಿಸಿ ನೋಡುತ್ತಿದ್ದರು.